ಎರಡು ತಂತಿ ಕೂಡಿದರೆ ಎಷ್ಟು ಕರೆಂಟು, ಆ ಜೋಡಿ ನೆಲ ಮುಟ್ಟಿದರೆ ಎಷ್ಟು?

ಏಪ್ರಿಲ್ ಕೊನೆಯ ಒಂದು ಸಂಜೆ. ಮಳೆಗೆ ಮುಂಚಿನ ಗಾಳಿ ಜೋರಾಗಿತ್ತು. ನಾನು ಹೋಗಿದ್ದ 66/11 ಕೆವಿ ಸಬ್‌ಸ್ಟೇಷನ್ನಿನಲ್ಲಿ ಒಂದು ಫೀಡರಿನ ಬ್ರೇಕರ್ 'ಧಡ್' ಎಂದು ಬಿತ್ತು. ಆಪರೇಟರ್ ರಿಲೇಯ ಪರದೆ ನೋಡಿ ಲೈನ್‌ಮನ್‌ಗೆ ಫೋನ್ ಹಚ್ಚಿ ಹೇಳಿದ್ದು ಇಷ್ಟೇ: "ಅಣ್ಣಾ, ಓಸಿ ಬಂದಿದೆ, ಅರ್ಥ್ ಇಲ್ಲ. ವೈ-ಬಿ. ಹತ್ತಿರದಲ್ಲೇ ಇರ್ಬೇಕು, ನೋಡು." ಓಸಿ ಎಂದರೆ ಓವರ್‌ಕರೆಂಟ್, ವೈ-ಬಿ ಎಂದರೆ ಆರ್, ವೈ, ಬಿ ಎಂಬ ಮೂರು ಫೇಸುಗಳಲ್ಲಿ ಎರಡು. ಪರದೆಯಲ್ಲಿದ್ದದ್ದು ಈ ನಾಲ್ಕು ಸಾಲು, ಮೂರು ತಂತಿಗಳ ಕರೆಂಟು ಮತ್ತು ಕೊನೆಯಲ್ಲಿ ನೆಲಕ್ಕೆ ಹರಿದದ್ದು:

```
IR  0.11 kA
IY  4.98 kA
IB  4.95 kA
IN  0.02 kA
```

ಸ್ವಲ್ಪ ಹೊತ್ತು ಬಿಟ್ಟು, ಲೈನು ನಿಲ್ಲುತ್ತದೆಯೇ ಎಂದು ನೋಡಲು ಬ್ರೇಕರ್ ಮತ್ತೆ ಹಾಕಿ ಟೆಸ್ಟ್ ಚಾರ್ಜ್ ಮಾಡಿದರು. ಮತ್ತೆ ಬಿತ್ತು. ಈ ಸಲ ಪರದೆ ಬೇರೆ ಕಥೆ ಹೇಳುತ್ತಿತ್ತು:

```
IR  0.06 kA
IY  5.13 kA
IB  4.81 kA
IN  0.31 kA
```

"ಈಗ ಅರ್ಥ್ ಕೂಡ ಬಂತು" ಎಂದರು ಆಪರೇಟರ್. ಗೇಟಿನಿಂದ ಎರಡನೇ ಕಂಬದ ಬಳಿ ತೆಂಗಿನ ಸೋಗೆಯೊಂದು ಬಿದ್ದು ವೈ ಮತ್ತು ಬಿ ತಂತಿಗಳನ್ನು ಒಂದಕ್ಕೊಂದು ತಾಗಿಸಿತ್ತು. ಆಮೇಲೆ ಅದರ ಭಾರಕ್ಕೆ ವೈ ತಂತಿಯ ಬೈಂಡಿಂಗ್ ಕಿತ್ತು, ತಂತಿ ಇನ್ಸುಲೇಟರ್ ಬಿಟ್ಟು ಜಾರಿ ಕಬ್ಬಿಣದ ಕ್ರಾಸ್ ಆರ್ಮ್ ಮೇಲೆ ಕೂತಿತ್ತು. ಕ್ರಾಸ್ ಆರ್ಮ್‌ನಿಂದ ಅರ್ಥ್ ತಂತಿ ನೆಲಕ್ಕೆ ಇಳಿದಿದೆ. ಮೊದಲನೆಯದು ಎರಡು ತಂತಿಗಳ ನಡುವಿನ ದೋಷ. ಎರಡನೆಯದು ಎರಡು ತಂತಿ ಕೂಡಿ ನೆಲಕ್ಕೂ ತಾಗಿದ ದೋಷ.

ಈ ಅಂಕಿಗಳು ಬಂದದ್ದೆಲ್ಲಿಂದ? 4.98ರ ಬದಲು 10 ಯಾಕಿಲ್ಲ? ಎರಡನೇ ಸಲ ವೈ ಹೆಚ್ಚಾಗಿ ಬಿ ಕಡಿಮೆಯಾದದ್ದು ಯಾಕೆ? ಇಷ್ಟನ್ನೂ ಕಾಗದದ ಮೇಲೆ ಮೊದಲೇ ಲೆಕ್ಕ ಹಾಕಿ ಹೇಳಬಹುದು. ಸೀಕ್ವೆನ್ಸ್ ಜಾಲಗಳನ್ನು ಜೋಡಿಸುವ ವಿಧಾನ ಎಂದರೆ ಇದೇ.

ತೊಡಕು ಇರುವುದೆಲ್ಲಿ

ಎಲ್ಲ ಸರಿಯಿರುವಾಗ ಆರ್, ವೈ, ಬಿ ಮೂರೂ ತಂತಿಗಳಲ್ಲಿ ಒಂದೇ ಪ್ರಮಾಣದ ಕರೆಂಟು ಹರಿಯುತ್ತದೆ. ವೈ ಆರ್‌ಗಿಂತ 120 ಡಿಗ್ರಿ ಹಿಂದೆ, ಬಿ ವೈಗಿಂತ ಇನ್ನೂ 120 ಡಿಗ್ರಿ ಹಿಂದೆ. ಮೂರೂ ಒಂದೇ ಅಚ್ಚಿನವಾದ್ದರಿಂದ ಒಂದು ಫೇಸಿನ ಲೆಕ್ಕ ಮಾಡಿದರೆ ಸಾಕು, ಉಳಿದೆರಡು ಅದರ ನಕಲು. ಮೂರೂ ತಂತಿ ಒಟ್ಟಿಗೆ ಕೂಡಿದ ದೋಷವೂ ಲೆಕ್ಕದ ಮಟ್ಟಿಗೆ ಸುಲಭವೇ. ಏಟು ದೊಡ್ಡದಾದರೂ ಸಮತೋಲ ತಪ್ಪಿರುವುದಿಲ್ಲ.

ವೈ ಮತ್ತು ಬಿ ಮಾತ್ರ ಕೂಡಿದಾಗ ಆ ಸಮತೋಲ ಹೋಗುತ್ತದೆ. ಒಂದು ಫೇಸ್ ಸುಮ್ಮನಿದೆ, ಎರಡು ಜಗಳಕ್ಕೆ ಬಿದ್ದಿವೆ. ಮೂರು ತಂತಿಗಳ ನಡುವೆ ಕಾಂತೀಯ ನಂಟೂ ಇರುವುದರಿಂದ ಒಂದರ ಕರೆಂಟು ಇನ್ನೊಂದರ ವೋಲ್ಟೇಜನ್ನು ಅಲ್ಲಾಡಿಸುತ್ತದೆ. ಒಂದು ಫೇಸಿನ ಲೆಕ್ಕ ಇನ್ನು ನಡೆಯುವುದಿಲ್ಲ.

ಇದಕ್ಕೆ ದಾರಿ ತೋರಿಸಿದವರು ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದ ಚಾರ್ಲ್ಸ್ ಫೋರ್ಟೆಸ್ಕ್ಯೂ. 1918ರ ಪ್ರಬಂಧದಲ್ಲಿ ಅವರು ಹೇಳಿದ ಮಾತಿನ ಸಾರ ಇದು: ಮೂರು ಫೇಸುಗಳ ಕರೆಂಟು ಎಷ್ಟೇ ಅಂಕುಡೊಂಕಾಗಿರಲಿ, ಅದನ್ನು ಮೂರು ಅಚ್ಚುಕಟ್ಟಾದ ಗುಂಪುಗಳ ಮೊತ್ತವಾಗಿ ಬರೆಯಬಹುದು.

ಮೂರು ಕುಣಿತ

ಕೋಲಾಟದ ಸುತ್ತು ನೆನೆಸಿಕೊಳ್ಳಿ. ಆರ್, ವೈ, ಬಿ ಎಂಬ ಮೂವರು ಸಮ ಅಂತರದಲ್ಲಿ ವೃತ್ತದಲ್ಲಿ ಕುಣಿಯುತ್ತಿದ್ದಾರೆ, ನೀವು ಒಂದು ಕಂಬಕ್ಕೆ ಒರಗಿ ನಿಂತಿದ್ದೀರಿ. ಮೊದಲ ಕುಣಿತದಲ್ಲಿ ಕಂಬದ ಮುಂದೆ ಹಾದು ಹೋಗುವ ಸರದಿ ಆರ್, ವೈ, ಬಿ. ಇದು ಪಾಸಿಟಿವ್ ಸೀಕ್ವೆನ್ಸ್, ಜನರೇಟರ್ ಹುಟ್ಟಿಸುವುದು ಇದನ್ನು ಮಾತ್ರ. ಎರಡನೆಯದರಲ್ಲಿ ಸರದಿ ಆರ್, ಬಿ, ವೈ ಎಂದು ತಿರುವುಮುರುವು. ಇದು ನೆಗೆಟಿವ್ ಸೀಕ್ವೆನ್ಸ್. ಮೂರನೆಯದರಲ್ಲಿ ಸುತ್ತೇ ಇಲ್ಲ, ಮೂವರೂ ಒಟ್ಟಿಗೆ ಬಂದು ಒಟ್ಟಿಗೆ ಹಿಂದೆ ಸರಿಯುತ್ತಾರೆ. ಇದು ಝೀರೋ ಸೀಕ್ವೆನ್ಸ್.

ಮೊದಲ ಎರಡರಲ್ಲಿ ಮೂರು ಕರೆಂಟನ್ನು ಕೂಡಿಸಿದರೆ ಯಾವ ಕ್ಷಣದಲ್ಲೂ ಸೊನ್ನೆ. ಒಂದು ತಂತಿಯಲ್ಲಿ ಹೋದದ್ದು ಉಳಿದೆರಡರಲ್ಲಿ ವಾಪಸು ಬರುತ್ತದೆ. ಮೂರನೆಯದರಲ್ಲಿ ಹಾಗಲ್ಲ. ಮೂರೂ ತಂತಿಯಲ್ಲಿ ಒಂದೇ ಕಡೆಗೆ ಹೊರಟ ಕರೆಂಟು ತಂತಿಗಳ ಮೂಲಕ ವಾಪಸಾಗಲಾರದು. ಅದಕ್ಕೆ ನೆಲ ಅಥವಾ ನ್ಯೂಟ್ರಲ್ ಬೇಕೇ ಬೇಕು. ಆದ್ದರಿಂದ ನೆಲಕ್ಕೆ ಹರಿಯುವ ಒಟ್ಟು ಕರೆಂಟು ಎಂದರೆ ಝೀರೋ ಸೀಕ್ವೆನ್ಸಿನ ಮೂರು ಪಟ್ಟು. ಪರದೆಯ `IN` ತೋರಿಸುವುದು ಇದನ್ನೇ.

ಮೂರರ ಕರೆಂಟಿಗೆ I1, I2, I0 ಎಂದು ಹೆಸರಿಡೋಣ. ಯಾವುದೇ ಫೇಸಿನ ನಿಜವಾದ ಕರೆಂಟು ಈ ಮೂರರ ಮೊತ್ತ. ಪ್ರತಿ ಕರೆಂಟನ್ನೂ ಉದ್ದ ಮತ್ತು ದಿಕ್ಕು ಇರುವ ಒಂದು ಬಾಣ ಎಂದುಕೊಳ್ಳಿ. ಕೆಳಗಿನ `a` ಎಂದರೆ 'ಬಾಣವನ್ನು 120 ಡಿಗ್ರಿ ಮುಂದಕ್ಕೆ ತಿರುಗಿಸು' ಎಂಬ ಸೂಚನೆ, `a²` ಎಂದರೆ ಅದನ್ನು ಎರಡು ಸಲ ಮಾಡು ಎಂದು.

```
IR = I0 + I1 + I2
IY = I0 + a²·I1 + a·I2
IB = I0 + a·I1 + a²·I2
```

ಮೂರು ಜಾಲ, ನಮ್ಮ ಸ್ಟೇಷನ್ನಿನ ಅಂಕಿಗಳೊಂದಿಗೆ

ಈ ಒಡೆಯುವಿಕೆಯಿಂದ ಲಾಭ ಏನೆಂದರೆ, ಲೈನು ಮತ್ತು ಟ್ರಾನ್ಸ್‌ಫಾರ್ಮರ್ ಮೂರು ಫೇಸಿಗೂ ಒಂದೇ ರೀತಿ ಇರುವವರೆಗೆ ಒಂದು ಗುಂಪಿನ ಕರೆಂಟು ಇನ್ನೊಂದು ಗುಂಪಿನ ವೋಲ್ಟೇಜನ್ನು ಮುಟ್ಟುವುದಿಲ್ಲ. ಪ್ರತಿ ಗುಂಪಿಗೂ ಅದರದೇ ಒಂಟಿ ಫೇಸಿನ ಸರ್ಕ್ಯೂಟು ಬರೆಯಬಹುದು. ಆ ಮೂರು ಸರ್ಕ್ಯೂಟುಗಳೇ ಮೂರು ಸೀಕ್ವೆನ್ಸ್ ಜಾಲಗಳು. ಅವು ಒಂದನ್ನೊಂದು ಸಂಧಿಸುವುದು ದೋಷವಿರುವ ಜಾಗದಲ್ಲಿ ಮಾತ್ರ.

ಲೆಕ್ಕಕ್ಕೆ 12.5 ಎಂವಿಎ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳೋಣ. 66 ಕೆವಿ ಕಡೆ ಡೆಲ್ಟಾ, 11 ಕೆವಿ ಕಡೆ ಸ್ಟಾರ್, ಸ್ಟಾರಿನ ನ್ಯೂಟ್ರಲ್ ನೇರ ಅರ್ಥಿಗೆ. ನೇಮ್‌ಪ್ಲೇಟಿನಲ್ಲಿ ಇಂಪೀಡೆನ್ಸ್ 10 ಶೇಕಡ. ಇದನ್ನು ಓಮ್‌ಗೆ ತರುವುದು ಕಷ್ಟವಲ್ಲ. ಪೂರ್ತಿ ಲೋಡಿನ ಕರೆಂಟು 656 ಆಂಪ್ಸ್. ಅಷ್ಟು ಹರಿದಾಗ ಫೇಸ್ ವೋಲ್ಟೇಜಾದ 6350ರ 10 ಶೇಕಡ, ಅಂದರೆ 635 ವೋಲ್ಟು, ಒಳಗೇ ಕಳೆಯುತ್ತದೆ. 635 ಭಾಗಿಸು 656, ಸುಮಾರು 0.97 ಓಮ್. 66 ಕೆವಿ ಆಚೆಗಿನ ಇಡೀ ಗ್ರಿಡ್ 11 ಕೆವಿ ಕಡೆಯಿಂದ ನೋಡಿದರೆ 0.10 ಓಮ್‌ನಂತೆ ಕಾಣುತ್ತದೆ ಎಂದುಕೊಳ್ಳೋಣ. ಇವೆಲ್ಲ ಬಹುಪಾಲು ರಿಯಾಕ್ಟೆನ್ಸ್ ಆದ್ದರಿಂದ ಬರೀ ಅಂಕಿಗಳಂತೆ ಕೂಡಿಸಬಹುದು.

ಪಾಸಿಟಿವ್ ಜಾಲದಲ್ಲಿ E ಎಂಬ 6350 ವೋಲ್ಟಿನ ಮೂಲವಿದೆ, ಅದರ ಹಿಂದೆ 0.10 ಮತ್ತು 0.97 ಸೇರಿ 1.07 ಓಮ್, ಇದು Z1. ನೆಗೆಟಿವ್ ಜಾಲದ Z2 ಕೂಡ ಅದೇ 1.07. ಓಡುವ ಭಾಗಗಳಿಲ್ಲದ ಲೈನಿಗೂ ಟ್ರಾನ್ಸ್‌ಫಾರ್ಮರಿಗೂ ಸರದಿ ನೇರವೋ ತಿರುಗುಮುರುಗೋ ಎಂಬುದು ಲೆಕ್ಕಕ್ಕಿಲ್ಲ. ಆದರೆ ಈ ಜಾಲದಲ್ಲಿ ಮೂಲ ಇಲ್ಲ, ತಿರುಗುಮುರುಗು ಸರದಿಯ ವೋಲ್ಟೇಜನ್ನು ಯಾವ ಜನರೇಟರೂ ಹುಟ್ಟಿಸುವುದಿಲ್ಲವಲ್ಲ.

ಝೀರೋ ಜಾಲದಲ್ಲೂ ಮೂಲವಿಲ್ಲ. ಅಲ್ಲಿನ Z0 ಎಂದರೆ 0.97 ಮಾತ್ರ, 0.10 ಇಲ್ಲ. ಕಾರಣ ಡೆಲ್ಟಾ. ನೆಲದಿಂದ ನ್ಯೂಟ್ರಲ್ಲಿಗೆ ಬಂದ ಕರೆಂಟಿಗೆ ಸಮನಾದದ್ದು ಡೆಲ್ಟಾದ ಸುರುಳಿಗಳೊಳಗೇ ಸುತ್ತು ಹೊಡೆಯುತ್ತದೆ, 66 ಕೆವಿ ತಂತಿಗೆ ಹೊರಬೀಳುವುದಿಲ್ಲ. ಆದ್ದರಿಂದ ಝೀರೋ ಜಾಲಕ್ಕೆ ಆಚೆಗಿನ ಗ್ರಿಡ್ ಇದ್ದೂ ಇಲ್ಲದಂತೆ. ಪರೀಕ್ಷೆಯಲ್ಲಿ ಅಂಕ ಹೋಗುವ ಜಾಗ ಇದು. ಕೆಲಸದ ಜಾಗದಲ್ಲೂ ಅಷ್ಟೇ.

ಎರಡು ತಂತಿ ಕೂಡಿದಾಗ

ಸೋಗೆ ವೈ ಮತ್ತು ಬಿಯನ್ನು ತಾಗಿಸಿದೆ. ಅಲ್ಲಿ ನಮಗೆ ಗೊತ್ತಿರುವ ಸಂಗತಿ ಮೂರು. ಆರ್‌ನಲ್ಲಿ ದೋಷದ ಕರೆಂಟು ಇಲ್ಲ. ವೈಯಲ್ಲಿ ಹೊರಟದ್ದು ಬಿಯಲ್ಲಿ ವಾಪಸು ಬರುತ್ತದೆ. ತಾಗಿರುವುದರಿಂದ ವೈ ಮತ್ತು ಬಿಯ ವೋಲ್ಟೇಜು ಒಂದೇ. ಈ ಮೂರು ಮಾತನ್ನು ಜಾಲಗಳ ಭಾಷೆಗೆ ತಿರುಗಿಸುವುದೇ ಇಡೀ ಕೆಲಸ.

ನೆಲಕ್ಕೆ ದಾರಿಯಿಲ್ಲ, ಹಾಗಾಗಿ I0 ಸೊನ್ನೆ. ಝೀರೋ ಜಾಲವನ್ನು ಪಕ್ಕಕ್ಕಿಡಿ. ಆರ್‌ನಲ್ಲಿ ಕರೆಂಟು ಇಲ್ಲವೆಂದರೆ I1 ಮತ್ತು I2 ಕೂಡಿ ಸೊನ್ನೆ, ಅಂದರೆ I2 ಎಂಬುದು I1ರ ಉಲ್ಟಾ. ಇನ್ನು ವೈ ಮತ್ತು ಬಿಯ ವೋಲ್ಟೇಜು ಸಮ ಎಂಬುದರಿಂದ, ದೋಷದ ಜಾಗದಲ್ಲಿ ಎರಡು ಜಾಲಗಳ ವೋಲ್ಟೇಜುಗಳಾದ V1 ಮತ್ತು V2 ಸಮ ಎಂದು ಬರುತ್ತದೆ. ಮೇಲಿನ ಸೂತ್ರಗಳನ್ನೇ ವೋಲ್ಟೇಜಿಗೆ ಬರೆದು, ವೈಯಿಂದ ಬಿ ಕಳೆದರೆ ಇದು ಕಣ್ಣಿಗೆ ಕಾಣುತ್ತದೆ.

ಎರಡು ಜಾಲಗಳ ತುದಿಯಲ್ಲಿ ವೋಲ್ಟೇಜು ಒಂದೇ, ಒಂದರಿಂದ ಹೊರಬಿದ್ದ ಕರೆಂಟು ಇನ್ನೊಂದರೊಳಕ್ಕೆ ಹೋಗುತ್ತದೆ. ಹಾಗಿದ್ದರೆ ಅವುಗಳ ತುದಿಗಳನ್ನು ಒಂದಕ್ಕೊಂದು ಕಟ್ಟಿದಂತೆಯೇ ಆಯಿತು! ಪಾಸಿಟಿವ್ ಮತ್ತು ನೆಗೆಟಿವ್ ಜಾಲಗಳು ಬೆನ್ನಿಗೆ ಬೆನ್ನು ಹಚ್ಚಿ ಒಂದೇ ಉಂಗುರವಾದವು.

```
I1 = E / (Z1 + Z2) = 6350 / (1.07 + 1.07) = 2967 A
```

ಇದು ದೋಷದ ಕರೆಂಟಲ್ಲ, ಅದರ ಒಂದು ಪಾಲು ಮಾತ್ರ. ಇಲ್ಲಿಗೇ ನಿಲ್ಲಿಸಿ ಉತ್ತರದ ಕೆಳಗೆ ಗೆರೆ ಎಳೆದುಬಿಡುವವರು ಬಹಳ ಮಂದಿ. ವೈ ತಂತಿಗೆ ಬರೋಣ. ಅಲ್ಲಿ I1 ಒಂದು ಕಡೆಗೆ ತಿರುಗಿದೆ, ಉಲ್ಟಾ ಆದ I2 ಇನ್ನೊಂದು ಕಡೆಗೆ. ಎರಡೂ ಬಾಣಗಳು 2967ರ ಉದ್ದದವು, ನಡುವಿನ ಕೋನ 60 ಡಿಗ್ರಿ. ಕೂಡಿದರೆ ಒಂದರ 1.732 ಪಟ್ಟು, ಅಂದರೆ 5139 ಆಂಪ್ಸ್. ಬಿಯಲ್ಲೂ ಅಷ್ಟೇ, ದಿಕ್ಕು ಉಲ್ಟಾ. ಆರ್‌ನಲ್ಲಿ ಎರಡು ಬಾಣ ಎದುರುಬದುರಾಗಿ ಅಳಿಸಿಹೋಗುತ್ತವೆ.

ಇದು ಸ್ಟೇಷನ್ನಿನ ಬಸ್‌ಬಾರಿನಲ್ಲೇ ದೋಷವಾದರೆ ಬರುವ ಅಂಕಿ. ನಮ್ಮ ದೋಷ ನೂರು ಮೀಟರ್ ಆಚೆ ಇತ್ತು. ಆ ಲೈನಿನ ರ‍್ಯಾಬಿಟ್ ತಂತಿಗೆ ಕಿಲೋಮೀಟರಿಗೆ ಸುಮಾರು 0.54 ಓಮ್ ರೆಸಿಸ್ಟೆನ್ಸ್, 0.35 ಓಮ್ ರಿಯಾಕ್ಟೆನ್ಸ್. ನೂರು ಮೀಟರಿನದನ್ನು ಸೇರಿಸಿದರೆ 5139 ಇಳಿದು ಸುಮಾರು 4970 ಆಗುತ್ತದೆ. ಪರದೆಯಲ್ಲಿದ್ದದ್ದು 4.98 ಮತ್ತು 4.95 ಕೆಎ. "ಹತ್ತಿರದಲ್ಲೇ ಇರ್ಬೇಕು" ಎಂದು ಆಪರೇಟರ್ ಹೇಳಿದ್ದು ಇದೇ ಧೈರ್ಯದ ಮೇಲೆ. ದೂರ ಹೋದಂತೆ ಈ ಅಂಕಿ ಬೇಗ ಕುಸಿಯುತ್ತದೆ.

ಮೂರು ತಂತಿಯೂ ಕೂಡಿದ್ದರೆ ಬಸ್‌ಬಾರಿನಲ್ಲಿ 6350 ಭಾಗಿಸು 1.07, ಅಂದರೆ 5935 ಆಂಪ್ಸ್ ಬರುತ್ತಿತ್ತು. ಎರಡು ತಂತಿಯ ದೋಷ ಅದರ ಸುಮಾರು 87 ಶೇಕಡ. Z1, Z2 ಸಮವಿರುವಲ್ಲೆಲ್ಲ ಈ ಪ್ರಮಾಣ ಬದಲಾಗದು.

ಇಲ್ಲೊಂದು ನ್ಯಾಯವಾದ ಪ್ರಶ್ನೆ ಬರುತ್ತದೆ. ವೈ-ಬಿ ನಡುವಿನ 11,000 ವೋಲ್ಟನ್ನು ಎರಡು ತಂತಿಯ 2.14 ಓಮ್‌ನಿಂದ ಭಾಗಿಸಿದರೂ ಅದೇ 5140 ಬರುತ್ತದಲ್ಲ, ಇಷ್ಟೆಲ್ಲ ಜಾಲ ಹೆಣೆಯುವುದು ಯಾಕೆ? ಇಷ್ಟಕ್ಕೇ ಆದರೆ ಬೇಕಿಲ್ಲ, ಒಪ್ಪಿದೆ. ಅದರ ನಿಜವಾದ ಉಪಯೋಗ ತಂತಿ ನೆಲ ಮುಟ್ಟಿದಾಗ.

ಅದಕ್ಕೆ ಮುಂಚೆ ಒಂದು ವೋಲ್ಟೇಜು ನೆನಪಿಟ್ಟುಕೊಳ್ಳಿ. ಉಂಗುರದಲ್ಲಿ ಎರಡು ಸಮ ಇಂಪೀಡೆನ್ಸ್ ಇರುವುದರಿಂದ V1 ಮತ್ತು V2 ಎರಡೂ 6350ರ ಅರ್ಧ, ಅಂದರೆ 3175. ಆರ್‌ನಲ್ಲಿ ಅವು ಕೂಡಿ ಮತ್ತೆ 6350 ಆಗುತ್ತವೆ, ಆರ್ ಹಾಯಾಗಿದೆ. ಕೂಡಿಕೊಂಡ ವೈ-ಬಿ ಜೋಡಿ ನೆಲಕ್ಕೆ ಹೋಲಿಸಿದರೆ 3175 ವೋಲ್ಟಿನಲ್ಲಿ ನಿಂತಿದೆ, ಆರ್‌ಗೆ ವಿರುದ್ಧ ದಿಕ್ಕಿನಲ್ಲಿ. ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಕಾರುತ್ತಿದ್ದರೂ ಅವು ಸತ್ತಿಲ್ಲ ಎಂದರ್ಥ.

ಅದೇ ಜೋಡಿ ನೆಲ ಮುಟ್ಟಿದಾಗ

ಮೊದಲು ನಡುವೆ ಯಾವ ತಡೆಯೂ ಇಲ್ಲದೆ ಜೋಡಿ ನೇರ ಅರ್ಥಿಗೆ ಬಿದ್ದಿದೆ ಎಂದುಕೊಳ್ಳೋಣ, ಬಸ್‌ಬಾರಿನಲ್ಲೇ. ಆರ್‌ನಲ್ಲಿ ದೋಷದ ಕರೆಂಟು ಈಗಲೂ ಇಲ್ಲ, ಅಂದರೆ I1, I2, I0 ಮೂರೂ ಕೂಡಿ ಸೊನ್ನೆ. ವೈ ಮತ್ತು ಬಿಯ ವೋಲ್ಟೇಜು ಬರೀ ಸಮವಲ್ಲ, ಎರಡೂ ಸೊನ್ನೆ. ಸಮ ಎಂಬುದರಿಂದ ಹಿಂದಿನಂತೆಯೇ V1 ಮತ್ತು V2 ಒಂದೇ. ಎರಡರ ಮೊತ್ತವೂ ಸೊನ್ನೆ ಎಂಬುದರಿಂದ V0 ಕೂಡ ಅವಕ್ಕೆ ಸಮ ಎಂದು ಹೊರಡುತ್ತದೆ. ಮೂರು ಜಾಲಗಳ ತುದಿಯಲ್ಲೂ ಒಂದೇ ವೋಲ್ಟೇಜು, ಮೂರು ಕರೆಂಟುಗಳ ಮೊತ್ತ ಸೊನ್ನೆ. ಮೂರೂ ಜಾಲಗಳು ಪ್ಯಾರಲಲ್ ಆದವು.

ಚಿತ್ರ ಹೀಗಿದೆ: ಪಾಸಿಟಿವ್ ಜಾಲದಿಂದ ಬರುವ ಕರೆಂಟಿನ ಮುಂದೆ ಎರಡು ಕಾಲುವೆ, ಒಂದು ನೆಗೆಟಿವ್, ಇನ್ನೊಂದು ಝೀರೋ. ತೂಬಿನಿಂದ ಬಿಟ್ಟ ನೀರು ಎರಡು ಗದ್ದೆಗೆ ಒಡೆದುಕೊಂಡಂತೆ, ಯಾವ ದಾರಿಯಲ್ಲಿ ತಡೆ ಕಡಿಮೆಯೋ ಅಲ್ಲಿ ಹೆಚ್ಚು.

```
Z2 ∥ Z0 = (1.07 × 0.97) / (1.07 + 0.97) = 0.509
I1 = 6350 / (1.07 + 0.509) = 4022 A
I2 = −4022 × 0.97 / 2.04 = −1912 A
I0 = −4022 × 1.07 / 2.04 = −2110 A
```

ಮೂರನ್ನೂ ಕೂಡಿಸಿ ನೋಡಿ, ಸೊನ್ನೆ. ಲೆಕ್ಕ ತಪ್ಪಿಲ್ಲ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ನೆಲಕ್ಕೆ ಹೋಗುವ ಕರೆಂಟು I0ಯ ಮೂರು ಪಟ್ಟು, 6330 ಆಂಪ್ಸ್. ವೈ ಮತ್ತು ಬಿ ತಂತಿಗಳಲ್ಲಿ ತಲಾ 6035 ಆಂಪ್ಸ್. ಮೂರು ತಂತಿಯ ದೋಷದ 5935ಕ್ಕಿಂತಲೂ ಇದು ಹೆಚ್ಚು! 'ಮೂರೂ ಕೂಡಿದ್ದೇ ಅತಿ ದೊಡ್ಡ ದೋಷ' ಎಂಬ ಮಾತು ಎಲ್ಲ ಕಡೆಯೂ ನಿಲ್ಲುವುದಿಲ್ಲ. ಡೆಲ್ಟಾ-ಸ್ಟಾರ್ ಟ್ರಾನ್ಸ್‌ಫಾರ್ಮರಿನ ಹತ್ತಿರ, Z0 ಎಂಬುದು Z1ಕ್ಕಿಂತ ಕಡಿಮೆಯಿರುವಲ್ಲಿ, ಅದು ಸೋಲುತ್ತದೆ.

ಈ 6035ನ್ನು ಬಿಡಿಸಿ ನೋಡಿದಾಗ ಒಂದು ಸೊಗಸು ಕಾಣುತ್ತದೆ. ಅದರಲ್ಲಿ ಎರಡು ಭಾಗಗಳಿವೆ. ಒಂದು ವೈಯಿಂದ ಬಿಗೆ ಸುತ್ತುವ ಭಾಗ, ಅದು ಸರಿಯಾಗಿ 5139. ಹೌದು, ನೆಲ ಮುಟ್ಟುವ ಮೊದಲಿದ್ದ ಅದೇ 5139. ಇನ್ನೊಂದು ನೆಲಕ್ಕೆ ಹೋಗುವ 6330ರಲ್ಲಿ ಅರ್ಧ, 3165. ಇವೆರಡು ಲಂಬಕೋನದಲ್ಲಿ ಕೂಡಿ 6035 ಆಗುತ್ತವೆ. Z1 ಮತ್ತು Z2 ಸಮವಿದ್ದರೆ, ನೆಲದ ದಾರಿ ಒಳ್ಳೆಯದಿರಲಿ ಕೆಟ್ಟದಿರಲಿ, ತಂತಿಯಿಂದ ತಂತಿಗೆ ಸುತ್ತುವ ಭಾಗ ಬದಲಾಗುವುದೇ ಇಲ್ಲ. ನೆಲ ತನ್ನ ಪಾಲನ್ನು ಅದರ ಮೇಲೆ ಹೊರಿಸುತ್ತದೆ, ಅಷ್ಟೇ.

ಕಂಬದ ಅರ್ಥಿಂಗ್ ಹತ್ತು ಓಮ್ ಇದ್ದರೆ

ಪರದೆಯಲ್ಲಿದ್ದ `IN` 0.31 ಕೆಎ, 6.33 ಅಲ್ಲ. ವ್ಯತ್ಯಾಸಕ್ಕೆ ಕಾರಣ ಕಂಬದ ಅರ್ಥಿಂಗ್. ಸ್ಟೇಷನ್ನಿನ ಅರ್ಥ್ ಗ್ರಿಡ್‌ಗೆ ತಾಗುವುದು ಬೇರೆ, ಒಂದು ಕಂಬದ ಬುಡದಲ್ಲಿ ಹೂತ ಕಾಯಿಲ್ ಮೂಲಕ ಮಣ್ಣಿಗೆ ಇಳಿಯುವುದು ಬೇರೆ. ಆ ದಾರಿಯ ರೆಸಿಸ್ಟೆನ್ಸ್ Rf 10 ಓಮ್ ಇದೆ ಎಂದಿಟ್ಟುಕೊಳ್ಳೋಣ.

ಜಾಲದಲ್ಲಿ ಇದನ್ನು ಎಲ್ಲಿ ಹಾಕುವುದು? ಝೀರೋ ಜಾಲದಲ್ಲಿ, ಆದರೆ 10 ಅಲ್ಲ, 30 ಓಮ್ ಆಗಿ. ಝೀರೋ ಜಾಲ ಒಂಟಿ ಫೇಸಿನದು, ಅದರಲ್ಲಿ ಹರಿಯುವುದು I0. ನಿಜವಾದ 10 ಓಮ್‌ನಲ್ಲಿ ಹರಿಯುವುದು ಮೂರು ಫೇಸುಗಳ ಪಾಲು ಸೇರಿದ ಮೂರು I0. ಅಲ್ಲಿ ಕಳೆಯುವ ವೋಲ್ಟೇಜು ಜಾಲದಲ್ಲೂ ಅಷ್ಟೇ ಬರಬೇಕಾದರೆ ಓಮ್ ಮೂರು ಪಟ್ಟಾಗಬೇಕು. ಮೂವರು ತಲಾ ಒಂದು ಮೂಟೆ ಹೊತ್ತು ಹಾಯುವ ಸಂಕದ ಬಗ್ಗಾಟವನ್ನು ಒಬ್ಬನನ್ನೇ ಕಳಿಸಿ ತೋರಿಸಬೇಕಾದರೆ ಸಂಕವನ್ನು ಮೂರು ಪಟ್ಟು ಬಳುಕುವಂತೆ ಮಾಡಬೇಕಲ್ಲ, ಹಾಗೆ.

Z1, Z2 ಸಮವಿದ್ದಾಗ ಹಿಂದಿನ ಮೂರು ಸಾಲಿನ ಲೆಕ್ಕ ಒಂದೇ ಸಾಲಿಗೆ ಮಡಚಿಕೊಳ್ಳುತ್ತದೆ. ಅದರಲ್ಲಿ 30 ಓಮ್ ಸೇರಿಸಿದರೆ, ರೆಸಿಸ್ಟೆನ್ಸಿನ ಮುಂದೆ ರಿಯಾಕ್ಟೆನ್ಸ್ ಗೌಣ:

```
I0 = −E / (Z1 + 2·(Z0 + 3·Rf))
|I0| ≈ 6350 / 60 ≈ 106 A
3·I0 ≈ 317 A
```

ಪರದೆಯ 0.31ಕ್ಕೆ ಇದು ಹೊಂದುತ್ತದೆ. ಜಾಲವಿಲ್ಲದೆಯೂ ಇದನ್ನು ಒರೆಗೆ ಹಚ್ಚಬಹುದು. ಕೂಡಿಕೊಂಡ ಜೋಡಿ 3175 ವೋಲ್ಟಿನಲ್ಲಿ ನಿಂತಿತ್ತು ಎಂದೆವಲ್ಲ, ಅದನ್ನು 10 ಓಮ್ ಮೂಲಕ ನೆಲಕ್ಕೆ ತಾಗಿಸಿದರೆ 317 ಆಂಪ್ಸ್. ಒಂದೇ ತಂತಿ ಅದೇ ಕಂಬಕ್ಕೆ ತಾಗಿದ್ದರೆ ಪೂರ್ತಿ 6350 ವೋಲ್ಟು ಸಿಕ್ಕಿ ಸುಮಾರು 630 ಆಂಪ್ಸ್ ಹರಿಯುತ್ತಿತ್ತು. ಎರಡು ತಂತಿ ಬಿದ್ದಾಗ ನೆಲದ ಕರೆಂಟು ಅರ್ಧಕ್ಕಿಳಿಯುವುದು ಮೊದಲ ಸಲ ನೋಡಿದವರಿಗೆ ವಿಚಿತ್ರವೆನಿಸುತ್ತದೆ.

ಇನ್ನು ವೈ ಮತ್ತು ಬಿಯ ಅಸಮಾನತೆ. ನೇರ ಅರ್ಥಿಗೆ ಬಿದ್ದಾಗ ಸುತ್ತುವ ಭಾಗ ಮತ್ತು ನೆಲದ ಭಾಗ ಲಂಬಕೋನದಲ್ಲಿದ್ದವು, ಆದ್ದರಿಂದ ಎರಡೂ ತಂತಿಯಲ್ಲಿ ಮೊತ್ತ ಒಂದೇ. ಈಗ ನೆಲದ ದಾರಿಯಲ್ಲಿ ರೆಸಿಸ್ಟೆನ್ಸೇ ಹೆಚ್ಚಾಗಿ ಆ ಬಾಣ ಸುಮಾರು 90 ಡಿಗ್ರಿ ತಿರುಗಿ, ಸುತ್ತುವ ಬಾಣದ ಗೆರೆಯ ಮೇಲೇ ಬಂದು ಕೂತಿದೆ. ವೈಯಲ್ಲಿ ಎರಡೂ ಒಂದೇ ದಿಕ್ಕು, ಬಿಯಲ್ಲಿ ಎದುರುಬದುರು. ನೂರು ಮೀಟರ್ ಆಚೆಗಿನ 4970ಕ್ಕೆ 317ರ ಅರ್ಧ ಸೇರಿಸಿದರೆ 5130, ಕಳೆದರೆ 4810. ಪರದೆ ಹೇಳಿದ್ದೂ 5.13 ಮತ್ತು 4.81. ಅಂಕಿ ಹೀಗೆ ಸಣ್ಣದಕ್ಕೂ ಕೂಡಿಬರುವುದು ಅಪರೂಪ, ಅದೃಷ್ಟದ ಪಾಲೂ ಇದೆ. ಲೋಡಿನ ಕರೆಂಟು, ಕಿಡಿಯ ರೆಸಿಸ್ಟೆನ್ಸು ಸೇರಿ ಸಾಮಾನ್ಯವಾಗಿ ಆಚೀಚೆ ಆಗುತ್ತದೆ. ಆದರೆ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಸುಳಿವು ಉಳಿಯುತ್ತದೆ: ಆರ್-ವೈ-ಬಿ ಸರದಿಯಲ್ಲಿ, ಜೋಡಿಯಲ್ಲಿ ಇನ್ನೊಂದಕ್ಕಿಂತ 120 ಡಿಗ್ರಿ ಮುಂದಿರುವ ಫೇಸಿಗೆ ಹೆಚ್ಚು.

ಮಣ್ಣು ಒಣಗಿ ಅರ್ಥಿಂಗ್ 100 ಓಮ್ ಆಗಿದ್ದರೆ ನೆಲದ ಕರೆಂಟು 32 ಆಂಪ್ಸಿಗೆ ಇಳಿಯುತ್ತಿತ್ತು. 80 ಆಂಪ್ಸಿಗೆ ಸೆಟ್ ಮಾಡಿದ ಅರ್ಥ್ ಫಾಲ್ಟ್ ರಿಲೇ ಅಲುಗುವುದಿಲ್ಲ. ಆದರೂ ಬ್ರೇಕರ್ ಬೀಳುತ್ತದೆ, ಸುತ್ತುವ ಐದು ಸಾವಿರ ಆಂಪ್ಸನ್ನು ಓವರ್‌ಕರೆಂಟ್ ರಿಲೇ ಬಿಡುವುದಿಲ್ಲ. ಆಗ ಪರದೆ ಬರೀ 'ಓಸಿ' ಎನ್ನುತ್ತದೆ, ತಂತಿ ಮಾತ್ರ ಕಂಬದ ಮೇಲೆ ಮಲಗಿರುತ್ತದೆ. 'ಅರ್ಥ್ ಬಂದಿಲ್ಲ, ಹಾಗಾಗಿ ನೆಲಕ್ಕೆ ತಾಗಿಲ್ಲ' ಎಂದು ಖಡಾಖಂಡಿತ ಹೇಳಬಾರದ್ದು ಇದಕ್ಕೇ.

ಎಲ್ಲಿ ಎಡವುತ್ತಾರೆ

ಒಂದು ಸಾಮಾನ್ಯ ತಪ್ಪು ಲೆಕ್ಕದ ಆರಂಭದಲ್ಲೇ ಆಗುತ್ತದೆ. ನಾವು ಆರ್ ಅನ್ನು ಆಧಾರವಾಗಿ ಹಿಡಿದದ್ದು ಅದು ದೋಷವಿಲ್ಲದ ಫೇಸ್ ಆದ್ದರಿಂದ. ದೋಷ ಆರ್-ವೈ ನಡುವೆ ಆಗಿದ್ದರೆ ಆಧಾರ ಬಿ ಆಗಬೇಕು. ಅಲ್ಲೂ ಆರ್ ಅನ್ನೇ ಹಿಡಿದು ಇದೇ ಸೂತ್ರ ಹಾಕಿದರೆ ಕರೆಂಟು ದೋಷವಿಲ್ಲದ ತಂತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಜಾಲಗಳನ್ನು ಸರಳವಾಗಿ ಕಟ್ಟಲು ಬರುವುದು ಚಿತ್ರ ಆಧಾರ ಫೇಸಿನ ಎರಡೂ ಬದಿಗೆ ಸಮವಾಗಿದ್ದಾಗ ಮಾತ್ರ.

ಇನ್ನೊಂದು, Z1 ಮತ್ತು Z2 ಯಾವಾಗಲೂ ಸಮ ಎಂದುಕೊಳ್ಳುವುದು. ಹಳ್ಳಿಯ ಫೀಡರಿಗೆ ಅದು ನಡೆಯುತ್ತದೆ. ಜಲವಿದ್ಯುತ್ ಜನರೇಟರಿನ ತುದಿಯಲ್ಲೇ ದೋಷವಾದರೆ ನಡೆಯುವುದಿಲ್ಲ. ತಿರುಗುವ ಯಂತ್ರಕ್ಕೆ ಸರದಿಯ ದಿಕ್ಕು ಗೊತ್ತಾಗುತ್ತದೆ. ಜೊತೆಗೆ ಅದರ Z1 ದೋಷವಾದ ಕ್ಷಣದಿಂದ ಏರುತ್ತಾ ಹೋಗುತ್ತದೆ, ಕರೆಂಟು ಇಳಿಯುತ್ತಾ ಹೋಗುತ್ತದೆ. ಅಲ್ಲಿ 87 ಶೇಕಡದ ಲೆಕ್ಕವೂ ಇಲ್ಲ, ಬದಲಾಗದ 5139ರ ಸೊಗಸೂ ಇಲ್ಲ.

ನ್ಯೂಟ್ರಲ್ಲನ್ನು ಅರ್ಥಿಗೇ ಕೊಡದ ವ್ಯವಸ್ಥೆಯಲ್ಲಿ Z0 ಅಪಾರ ಎಂದು ತಿಳಿಯಬೇಕು. ಝೀರೋ ಕಾಲುವೆ ಮುಚ್ಚಿದಂತೆ, ಜೋಡಿ ನೆಲ ಮುಟ್ಟಿದರೂ ಬಿಟ್ಟರೂ ಕರೆಂಟು ಒಂದೇ. ಆದರೆ ಆರ್‌ನ ವೋಲ್ಟೇಜು ನೆಲಕ್ಕೆ ಹೋಲಿಸಿದರೆ ಒಂದೂವರೆ ಪಟ್ಟು ಏರುತ್ತದೆ, ಅದರ ಇನ್ಸುಲೇಟರುಗಳಿಗೆ ಆಗ ಪರೀಕ್ಷೆ.

66 ಕೆವಿ ಕಡೆಯಿಂದ ಕಂಡ ಅದೇ ದೋಷ

ಅದೇ ಸಂಜೆ ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ ರಿಲೇಯನ್ನೂ ನೋಡಿದೆವು. ಮೊದಲ ದೋಷಕ್ಕೆ ಅಲ್ಲಿ ಒಂದು ಫೇಸಿನಲ್ಲಿ ಉಳಿದೆರಡರ ದುಪ್ಪಟ್ಟು ಕರೆಂಟು. 11 ಕೆವಿಯಲ್ಲಿ ಎರಡೇ ತಂತಿ ಜಗಳವಾಡಿದ್ದು, 66 ಕೆವಿಯಲ್ಲಿ ಮೂರೂ ಎದ್ದು ನಿಂತಿದ್ದವು.

ಇದಕ್ಕೂ ಉತ್ತರ ಬಾಣಗಳಲ್ಲಿದೆ. ಡೆಲ್ಟಾ-ಸ್ಟಾರ್ ದಾಟುವಾಗ ಪಾಸಿಟಿವ್ ಬಾಣ 30 ಡಿಗ್ರಿ ಒಂದು ಕಡೆಗೆ, ನೆಗೆಟಿವ್ ಬಾಣ 30 ಡಿಗ್ರಿ ಇನ್ನೊಂದು ಕಡೆಗೆ ತಿರುಗುತ್ತದೆ. 11 ಕೆವಿಯಲ್ಲಿ ಎರಡು ಬಾಣಗಳ ನಡುವಿನ ಕೋನ ಆರ್‌ನಲ್ಲಿ 180, ವೈ ಮತ್ತು ಬಿಯಲ್ಲಿ ತಲಾ 60 ಇತ್ತು. ದಾಟಿದ ಮೇಲೆ ಒಂದು ಫೇಸಿನಲ್ಲಿ ಎರಡೂ ಬಾಣ ಒಂದರ ಮೇಲೊಂದು ಬೀಳುತ್ತವೆ, ಉಳಿದೆರಡರಲ್ಲಿ ಕೋನ 120 ಆಗುತ್ತದೆ. ಬಸ್‌ಬಾರಿನ ಲೆಕ್ಕವನ್ನೇ ಹಿಡಿದರೆ, 2967ನ್ನು ವೋಲ್ಟೇಜಿನ ಪ್ರಮಾಣವಾದ 6ರಿಂದ ಭಾಗಿಸಿ, ಒಂದರಲ್ಲಿ 989 ಆಂಪ್ಸ್, ಎರಡರಲ್ಲಿ ತಲಾ 495. ಆ 989 ಎಂದರೆ ಮೂರು ತಂತಿಯ ದೋಷಕ್ಕೆ 66 ಕೆವಿಯಲ್ಲಿ ಬರುವಷ್ಟೇ ಕರೆಂಟು. ಆ ಬದಿಯಲ್ಲಿ ಎರಡೇ ಫೇಸಿಗೆ ಓವರ್‌ಕರೆಂಟ್ ರಿಲೇ ಇಟ್ಟು, ದುಪ್ಪಟ್ಟು ಹರಿಯುವುದು ರಿಲೇ ಇಲ್ಲದ ಮೂರನೆಯದರಲ್ಲಾದರೆ, ಉಳಿದೆರಡು ರಿಲೇಗಳಿಗೆ ಅರ್ಧವೇ ಕಾಣುತ್ತದೆ. ಅವು ತಡವಾಗಿ ಎದ್ದೇಳುತ್ತವೆ, ಸೆಟ್ಟಿಂಗ್ ಮೇಲಿದ್ದರೆ ಏಳುವುದೇ ಇಲ್ಲ. ಮೂರು ಫೇಸಿಗೂ ಓವರ್‌ಕರೆಂಟ್ ಇಡುವ ರೂಢಿಗೆ ಇದೂ ಒಂದು ಕಾರಣ.

ಎರಡನೇ ದೋಷಕ್ಕೂ ಅಲ್ಲಿ ಹೆಚ್ಚುಕಡಿಮೆ ಅದೇ ಚಿತ್ರ. ಮುನ್ನೂರು ಆಂಪ್ಸ್ ಕಂಬದ ಬುಡದಲ್ಲಿ ಮಣ್ಣಿಗೆ ಇಳಿದು, ನೆಲದೊಳಗಿಂದಲೇ ಸ್ಟೇಷನ್ನಿನ ನ್ಯೂಟ್ರಲ್ಲಿಗೆ ವಾಪಸು ಬಂದಿತ್ತು. ಡೆಲ್ಟಾ ಅದನ್ನು ಅಲ್ಲೇ ತಡೆದು ನಿಲ್ಲಿಸಿತ್ತು. 66 ಕೆವಿ ರಿಲೇಯ `IN` ಮುಂದೆ ಇದ್ದದ್ದು ಸೊನ್ನೆ.